ಮುಖದಿಂದ ಮುಖಕ್ಕೆ ಎಷ್ಟು ದೂರ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ವೇಷ ತೊಟ್ಟು ಮತ್ತೆ ಮತ್ತೆ ಬರುತ್ತಿರುತ್ತದೆ. ಫೋನಿನ ಗ್ಯಾಲರಿ ಮನೆಮಂದಿಯ ಫೋಟೊಗಳನ್ನು ತಾನಾಗಿಯೇ ಒಬ್ಬೊಬ್ಬರಂತೆ ವಿಂಗಡಿಸಿ ಇಡುತ್ತದಲ್ಲ, ಅದು ನಮ್ಮ ಮೂಗಿನ ಉದ್ದ, ಕಣ್ಣುಗಳ ನಡುವಿನ ಅಂತರ ಎಲ್ಲ ಅಳೆದು ಬರೆದಿಟ್ಟುಕೊಂಡಿರುತ್ತದೆಯೇ? ಗಡ್ಡ ಬಿಟ್ಟರೂ ಕನ್ನಡಕ ಹಾಕಿದರೂ ಹೇಗೆ ಹಿಡಿಯುತ್ತದೆ? ಪೊಲೀಸರು ಕ್ಯಾಮೆರಾ ಚಿತ್ರಕ್ಕೆ ಮುಖ ಹೊಂದಿಸುವಾಗಲೂ ಇದೇ ಕೆಲಸ ನಡೆಯುತ್ತದೆಯೇ? ಕೊನೆಯ ಪ್ರಶ್ನೆಗೆ ಹೌದು ಎನ್ನಬಹುದು, ಬುಡದಲ್ಲಿರುವ ಲೆಕ್ಕ ಒಂದೇ. ಮೊದಲನೆಯದಕ್ಕೆ ಉತ್ತರ ಇಲ್ಲ ಎಂದು. ಹಾಗಾದರೆ ಯಂತ್ರ ಅಳೆಯುವುದೇನನ್ನು ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಮೂಗು ಕಣ್ಣು ಅಳೆಯುವ ಪ್ರಯತ್ನ ನಡೆಯಲಿಲ್ಲ ಎಂದಲ್ಲ. 1960ರ ದಶಕದಲ್ಲಿ ಅಮೆರಿಕದ ವುಡಿ ಬ್ಲೆಡ್ಸೊ ಎಂಬ ಗಣಿತಜ್ಞ ಮಾಡಿದ್ದು ಅದನ್ನೇ. ಫೋಟೊ ಮೇಲೆ ಕಣ್ಣಿನ ಮೂಲೆ, ಬಾಯಿಯ ಅಂಚು ಮುಂತಾದ ಜಾಗಗಳನ್ನು ಮನುಷ್ಯರೇ ಗುರುತು ಮಾಡಿಕೊಡಬೇಕು, ಆ ಗುರುತುಗಳ ನಡುವಿನ ಅಂತರಗಳನ್ನು ಕಂಪ್ಯೂಟರ್ ಹೋಲಿಸಬೇಕು. ತಲೆ ಸ್ವಲ್ಪ ವಾಲಿದರೆ, ಮುಖ ಪಕ್ಕಕ್ಕೆ ತಿರುಗಿದರೆ, ಬಾಯಿ ತುಂಬ ನಕ್ಕರೆ ಆ ಅಂತರಗಳೆಲ್ಲ ಬದಲಾಗಿಬಿಡುತ್ತವೆ. ಫೋಟೊದ ಚುಕ್ಕೆಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ನೇರವಾಗಿ ಒಂದಕ್ಕೊಂದು ತಾಳೆ ನೋಡುವುದು ಇನ್ನೂ ಕೆಟ್ಟ ದಾರಿ. ಕಿಟಕಿ ಬೆಳಕಿನಲ್ಲಿ ಕೂತ ಅಜ್ಜಿಯ ಒಂದು ಚಿತ್ರ ಮತ್ತು ಟ್ಯೂಬ್‌ಲೈಟ್ ಕೆಳಗೆ ಕೂತ ಅದೇ ಅಜ್ಜಿಯ ಇನ್ನೊಂದು ಚಿತ್ರದ ನಡುವೆ ಇರುವ ವ್ಯತ್ಯಾಸ, ಒಂದೇ ಬೆಳಕಿನಲ್ಲಿ ಕೂತ ಇಬ್ಬರು ಬೇರೆ ಬೇರೆ ಹೆಂಗಸರ ಚಿತ್ರಗಳ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಿರಬಹುದು. 1990ರ ದಶಕದಲ್ಲೇ ಸಂಶೋಧಕರು ಇದನ್ನು ಅಳೆದು ತೋರಿಸಿದ್ದರು.

ಈಗಿನ ವಿಧಾನಕ್ಕೆ ಒಂದು ಹೋಲಿಕೆ ಕೊಡುತ್ತೇನೆ. ನಕಾಶೆಯಲ್ಲಿ ಊರಿಗೆ ಎರಡು ಸಂಖ್ಯೆ ಇರುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ಹುಬ್ಬಳ್ಳಿ ಸುಮಾರು 15.4 ಮತ್ತು 75.1, ಧಾರವಾಡ ಸುಮಾರು 15.5 ಮತ್ತು 75.0, ಮೈಸೂರು ಸುಮಾರು 12.3 ಮತ್ತು 76.6. ಈ ಊರುಗಳನ್ನು ಕಣ್ಣಾರೆ ಕಾಣದವರೂ ಸಂಖ್ಯೆ ನೋಡಿಯೇ ಮೊದಲ ಎರಡು ನೆರೆಹೊರೆ, ಮೂರನೆಯದು ದೂರ ಎಂದುಬಿಡಬಹುದು. ಮುಖಕ್ಕೂ ಇಂಥದ್ದೇ ಒಂದು ನಕಾಶೆ ಮಾಡಿ, ಒಬ್ಬರ ಫೋಟೊಗಳೆಲ್ಲ ಅಕ್ಕಪಕ್ಕ ಬೀಳುವಂತೆಯೂ ಬೇರೆಯವರದು ದೂರ ಬೀಳುವಂತೆಯೂ ಜಾಗ ಕೊಟ್ಟರೆ ಕೆಲಸ ಮುಗಿಯಿತು. ಈ ನಕಾಶೆಯಲ್ಲಿ ಒಂದು ಮುಖದ ಜಾಗವನ್ನು ಹೇಳುವ ಸಂಖ್ಯೆಗಳ ಪಟ್ಟಿಗೆ ಎಂಬೆಡಿಂಗ್ ಎನ್ನುತ್ತಾರೆ. ಎರಡು ಸಂಖ್ಯೆ ಮುಖಕ್ಕೆ ಸಾಲದು. 128 ಅಥವಾ 512 ಸಂಖ್ಯೆ ಇಡುವುದು ರೂಢಿ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ನಕಾಶೆಯಲ್ಲಿ ಮೊದಲ ಸಂಖ್ಯೆ ಎಂದರೆ ಉತ್ತರ ದಕ್ಷಿಣ ಎಂದು ನಮಗೆ ಗೊತ್ತು. ಮುಖದ ಪಟ್ಟಿಯ ಮೊದಲ ಸಂಖ್ಯೆ ಮೂಗಿನದೋ ಗಲ್ಲದ್ದೋ ಎಂದು ಕೇಳಿದರೆ ಅದನ್ನು ಮಾಡಿದವರ ಬಳಿಯೂ ಉತ್ತರವಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಆ ಸಂಖ್ಯೆಗಳಿಗೆ ಹೆಸರಿಟ್ಟು ಹೇಳುವಂಥ ಅರ್ಥವಿರುವುದಿಲ್ಲ. ಅರ್ಥವಿರುವುದು ಎರಡು ಪಟ್ಟಿಗಳ ನಡುವಿನ ದೂರಕ್ಕೆ.

ಇಂಥ ನಕಾಶೆಯನ್ನು ಕೂತು ಬರೆಯಲು ಯಾರಿಂದಲೂ ಆಗದು, ನ್ಯೂರಲ್ ನೆಟ್‌ವರ್ಕ್ ಅದನ್ನು ಕಲಿತುಕೊಳ್ಳಬೇಕು. ಕಲಿಸುವ ಬಗೆಯನ್ನು ತುಂಬ ಸ್ಪಷ್ಟವಾಗಿ ತೋರಿಸಿದ್ದು 2015ರಲ್ಲಿ ಗೂಗಲ್‌ನ ಮೂವರು ಸಂಶೋಧಕರು ಪ್ರಕಟಿಸಿದ ಫೇಸ್‌ನೆಟ್. ಅದರಲ್ಲಿ ನೆಟ್‌ವರ್ಕ್‌ಗೆ ಒಮ್ಮೆಗೆ ಮೂರು ಫೋಟೊ ತೋರಿಸುತ್ತಾರೆ. ಎರಡು ಒಬ್ಬರದೇ, ಮೂರನೆಯದು ಬೇರೆಯವರದು. ಮೂರಕ್ಕೂ ಅದು 128 ಸಂಖ್ಯೆಗಳ ಒಂದೊಂದು ಪಟ್ಟಿ ಕೊಡುತ್ತದೆ. ಮೊದಲೆರಡರ ನಡುವಿನ ದೂರಕ್ಕಿಂತ ಮೂರನೆಯದಕ್ಕಿರುವ ದೂರ ನಿಗದಿಯಾದಷ್ಟು ಹೆಚ್ಚಿರಬೇಕು ಎಂಬುದು ನಿಯಮ. ಹಾಗಿಲ್ಲದಿದ್ದರೆ ನೆಟ್‌ವರ್ಕ್ ಒಳಗಿನ ಲಕ್ಷಗಟ್ಟಲೆ ಗುಣಕಗಳನ್ನು ಎಳ್ಳಷ್ಟು ಸರಿಸಿ, ಒಬ್ಬರದೇ ಆದ ಜೋಡಿಯನ್ನು ಹತ್ತಿರಕ್ಕೆ ಎಳೆದು, ಬೇರೆಯವರನ್ನು ಆಚೆ ತಳ್ಳುತ್ತಾರೆ. ಸುಮಾರು 80 ಲಕ್ಷ ಜನರ ಹತ್ತು ಕೋಟಿಗೂ ಮೀರಿದ ಮುಖಚಿತ್ರಗಳ ಮೇಲೆ ಫೇಸ್‌ನೆಟ್ ಹೀಗೆ ಕಲಿಯಿತು. ಕಿಟಕಿ ಬೆಳಕನ್ನೂ ಟ್ಯೂಬ್‌ಲೈಟನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬಾರದು ಎಂದು ಅದಕ್ಕೆ ಯಾರೂ ಹೇಳಿಕೊಡಲಿಲ್ಲ. ಒಬ್ಬರದೇ ಫೋಟೊಗಳು ಬೇರೆ ಬೇರೆ ಬೆಳಕಿನಲ್ಲಿ ಎದುರಾದಾಗಲೆಲ್ಲ ಅವನ್ನು ಹತ್ತಿರ ಇಡಬೇಕಾಗಿ ಬಂದದ್ದರಿಂದ, ಬೆಳಕನ್ನು ಕಡೆಗಣಿಸುವುದು ಅದಕ್ಕೆ ಅನಿವಾರ್ಯವಾಯಿತು.

ಮೂರನೆಯ ಫೋಟೊ ಯಾಕೆ ಬೇಕು ಎಂದು ಕೇಳಿ ನೋಡಿ, ಇಡೀ ವಿಷಯ ಅಲ್ಲೇ ತಿಳಿಯಾಗುತ್ತದೆ. ಒಬ್ಬರ ಫೋಟೊಗಳನ್ನು ಹತ್ತಿರ ತಾ ಎಂದಷ್ಟೇ ಹೇಳಿದರೆ, ಜಗತ್ತಿನ ಮುಖಗಳನ್ನೆಲ್ಲ ಒಂದೇ ಬಿಂದುವಿನ ಮೇಲೆ ಪೇರಿಸಿಟ್ಟು ನೆಟ್‌ವರ್ಕ್ ಕೈತೊಳೆದುಕೊಳ್ಳಬಹುದು. ದೂರ ಸೊನ್ನೆ, ನಿಯಮಕ್ಕೂ ಭಂಗವಿಲ್ಲ. ಆ ಸೋಮಾರಿ ದಾರಿಯನ್ನು ಮುಚ್ಚುವುದೇ ಮೂರನೆಯ ಫೋಟೊ. ಅದನ್ನು ಆರಿಸುವುದರಲ್ಲೂ ಹದ ಬೇಕು. ಬೆಳ್ಳಗಿನ ಗಡ್ಡದ ಮುದುಕರ ಪಕ್ಕ ಎಳೆ ಹುಡುಗಿಯ ಚಿತ್ರವಿಟ್ಟರೆ ನೆಟ್‌ವರ್ಕ್ ಹೊಸದಾಗಿ ಏನೂ ಕಲಿಯುವುದಿಲ್ಲ. ಮೊದಲ ದಿನವೇ ಗುರುತು ಸಿಗದಷ್ಟು ಹೋಲುವವರನ್ನು ಮಾತ್ರ ತಂದಿಟ್ಟರೆ ಗೊಂದಲಕ್ಕೆ ಬಿದ್ದು ಎಲ್ಲರನ್ನೂ ಒಂದೇ ಬಿಂದುವಿಗೆ ತಳ್ಳಿಬಿಡುತ್ತದೆ. ಹಾಗಾಗಿ ಸ್ವಲ್ಪ ಕಷ್ಟ, ಆದರೆ ತೀರಾ ಕಷ್ಟವಲ್ಲ ಎನ್ನುವಂಥ ಮುಖಗಳನ್ನು ಆಯ್ದು ಆಯ್ದು ತೋರಿಸುತ್ತಾರೆ.

ಕಲಿತು ಮುಗಿದ ಮೇಲೆ ನಡೆಯುವುದೇನು ಎಂದು ನೋಡಲು ದೊಡ್ಡ ಕಂಪನಿಯ ಬಾಗಿಲು ತಟ್ಟಬೇಕಿಲ್ಲ. ಡೇವಿಸ್ ಕಿಂಗ್ ಎಂಬವರು ಡಿಲಿಬ್ ಎನ್ನುವ ತಂತ್ರಾಂಶ ಸಂಗ್ರಹದಲ್ಲಿ 2017ರಲ್ಲಿ ಬಿಡುಗಡೆ ಮಾಡಿದ ಮಾದರಿ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಮ್ಮ ಮನೆಯ ಹಳೆಯ ಮದುವೆ ಆಲ್ಬಮ್ಮುಗಳನ್ನು ಸ್ಕ್ಯಾನ್ ಮಾಡಿಸಿದಾಗ ವಿಂಗಡಿಸಲು ನಾನು ಬಳಸಿದ್ದು ಅದನ್ನೇ. ಮೊದಲು ಅದು ಚಿತ್ರದಲ್ಲಿ ಮುಖ ಎಲ್ಲೆಲ್ಲಿದೆ ಎಂದು ಹುಡುಕುತ್ತದೆ. ಆಮೇಲೆ ಕಣ್ಣಿನ ಮೂಲೆಗಳು, ಮೂಗಿನ ಬುಡ ಇಂಥ ಕೆಲವು ಗುರುತುಗಳನ್ನು ಹಿಡಿದು, ವಾಲಿದ ಮುಖವನ್ನು ನೆಟ್ಟಗೆ ತಿರುಗಿಸಿ, 150 ಪಿಕ್ಸೆಲ್ ಅಗಲ, 150 ಪಿಕ್ಸೆಲ್ ಎತ್ತರದ ತುಂಡಾಗಿ ಕತ್ತರಿಸುತ್ತದೆ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ, ಒಟ್ಟು 67,500. ಈ ರಾಶಿ ನೆಟ್‌ವರ್ಕ್‌ನ ಪದರಗಳನ್ನು ಹಾದು ಆಚೆ ಬರುವಾಗ 128 ಸಂಖ್ಯೆಗಳಾಗಿ ಇಳಿದಿರುತ್ತದೆ. ಓದುಗರು ಕೇಳಿದ ಕಣ್ಣು ಮೂಗಿನ ಅಳತೆಗೆ ಇಲ್ಲಿ ಇರುವ ಕೆಲಸ ಇಷ್ಟೇ, ಮುಖವನ್ನು ನೆಟ್ಟಗೆ ನಿಲ್ಲಿಸುವುದು.

ಈಗ ಹೋಲಿಕೆ. 128 ಸಂಖ್ಯೆ ಇಲ್ಲಿ ಬರೆದರೆ ಅಂಕಣ ತುಂಬಿಹೋಗುತ್ತದೆ, ಮೂರೇ ಸಂಖ್ಯೆ ಎಂದು ಇಟ್ಟುಕೊಂಡು ಲೆಕ್ಕ ಮಾಡೋಣ. ಅತ್ತೆಯ ಒಂದು ಫೋಟೊಕ್ಕೆ 0.12, -0.05, 0.31 ಎಂಬ ಪಟ್ಟಿ ಬಂತು. ಅವರದೇ ಇನ್ನೊಂದಕ್ಕೆ 0.10, -0.01, 0.27. ಸೋದರಮಾವನ ಫೋಟೊಕ್ಕೆ -0.18, 0.22, 0.09. ಅತ್ತೆಯ ಎರಡು ಪಟ್ಟಿಗಳನ್ನು ಒಂದರಿಂದೊಂದು ಕಳೆದರೆ 0.02, -0.04, 0.04 ಉಳಿಯುತ್ತವೆ. ಒಂದೊಂದನ್ನೂ ವರ್ಗ ಮಾಡಿ ಕೂಡಿದರೆ 0.0036, ಅದರ ವರ್ಗಮೂಲ 0.06. ಅದೇ ಲೆಕ್ಕವನ್ನು ಅತ್ತೆಗೂ ಮಾವನಿಗೂ ಹಾಕಿದರೆ ವರ್ಗಗಳ ಮೊತ್ತ 0.2113, ವರ್ಗಮೂಲ ಸುಮಾರು 0.46. ಹೈಸ್ಕೂಲಿನಲ್ಲಿ ಎರಡು ಬಿಂದುಗಳ ನಡುವಿನ ದೂರಕ್ಕೆ ಕಲಿತ ಸೂತ್ರವೇ ಇದು, ಅಕ್ಷಗಳು ಹೆಚ್ಚಿವೆ ಅಷ್ಟೆ. ನಿಜವಾದ ಪಟ್ಟಿಯಲ್ಲಿ ಇಂಥ 128 ವ್ಯತ್ಯಾಸಗಳು ಕೂಡಿಕೊಳ್ಳುತ್ತವೆ. ಹಾಗಾಗಿ ಒಂದೊಂದು ಸಂಖ್ಯೆಯಲ್ಲಿ 0.05ರಷ್ಟು ಅಲ್ಪ ಅಂತರವಿದ್ದರೂ ಒಟ್ಟು ದೂರ 0.57ರ ಹತ್ತಿರ ಬಂದುಬಿಡುತ್ತದೆ.

ಡಿಲಿಬ್ ಮಾದರಿಗೆ ಕೊಟ್ಟಿರುವ ಗೆರೆ 0.6. ದೂರ ಅದಕ್ಕಿಂತ ಕಡಿಮೆಯಾದರೆ ಒಬ್ಬರೇ ಎಂದುಕೊಳ್ಳಿ, ಹೆಚ್ಚಾದರೆ ಬೇರೆಯವರು. ಯಂತ್ರದ ಪಾಲಿನ ಕೆಲಸ ದೂರ ಹೇಳುವಲ್ಲಿಗೆ ಮುಗಿಯಿತು. ‘ಇವರೇ ಅವರು’ ಎನ್ನುವ ತೀರ್ಪು ಬರುವುದು ಈ ಗೆರೆಯಿಂದ, ಗೆರೆ ಎಲ್ಲಿರಬೇಕು ಎನ್ನುವುದು ಮನುಷ್ಯರ ತೀರ್ಮಾನ. ಗೆರೆಯನ್ನು 0.6ರಿಂದ 0.5ಕ್ಕೆ ಇಳಿಸಿದರೆ ಬೇರೆಯವರನ್ನು ಒಬ್ಬರೇ ಎನ್ನುವ ತಪ್ಪು ಕಡಿಮೆಯಾಗಿ, ಒಬ್ಬರನ್ನೇ ಬೇರೆಯವರು ಎನ್ನುವ ತಪ್ಪು ಹೆಚ್ಚುತ್ತದೆ. ಮೇಲಕ್ಕೆ ಏರಿಸಿದರೆ ಇದರ ತಿರುಗುಮುರುಗು. ಎರಡನ್ನೂ ಒಟ್ಟಿಗೆ ಸೊನ್ನೆ ಮಾಡುವ ಗೆರೆ ಯಾವ ಮಾದರಿಯಲ್ಲೂ ಇಲ್ಲ. ಫೋನ್ ತೆರೆಯುವವರಿಗೆ ಪರರಿಗೆ ಬಾಗಿಲು ತೆಗೆಯುವುದು ದೊಡ್ಡ ತಪ್ಪು. ಆಲ್ಬಮ್ ಜೋಡಿಸುವವರಿಗೆ ಅಜ್ಜಿಯ ಒಂದು ಫೋಟೊ ತಪ್ಪಿಹೋಗುವುದೇ ಹೆಚ್ಚು ಬೇಸರ. ಕೆಲಸಕ್ಕೆ ತಕ್ಕಂತೆ ಗೆರೆ ಎಳೆಯಬೇಕು.

ಆಲ್ಬಮ್ಮಿನಲ್ಲಿ ನಾನು ಕಂಡದ್ದು ಹೀಗೆ. ದೊಡ್ಡವರ ಮುಖಗಳು ಬಹಳ ಮಟ್ಟಿಗೆ ಸರಿಯಾಗಿ ಕೂಡಿಕೊಂಡವು. ಮೀಸೆ ಬಂದದ್ದು ಹೋದದ್ದು, ಕೂದಲು ನೆರೆತದ್ದು, ಕುಂಕುಮ ಅಳಿಸಿದ್ದು ಯಾವುದೂ ಅದಕ್ಕೆ ತೊಡಕಾಗಲಿಲ್ಲ. ಮಕ್ಕಳ ವಿಷಯಕ್ಕೆ ಬಂದಾಗ ಕಥೆ ಬೇರೆ. ಅಣ್ಣನ ಮಗಳು, ಅಕ್ಕನ ಮಗ, ಪಕ್ಕದ ಮನೆಯ ಕೂಸು ಎಲ್ಲ ಒಂದೇ ಹೆಸರಿನ ಕೆಳಗೆ ಗುಂಪಾಗಿದ್ದವು. ಇದು ನನ್ನ ಲ್ಯಾಪ್‌ಟಾಪಿನ ದೋಷವಲ್ಲ. ಈ ಮಾದರಿಯನ್ನು ಸುಲಭವಾಗಿ ಬಳಸಲು ಇರುವ ಜನಪ್ರಿಯ ಪ್ಯಾಕೇಜಿನ ವಿವರಣೆಯಲ್ಲೇ ಇದು ವಯಸ್ಕರ ಮುಖಗಳಿಂದ ಕಲಿತದ್ದು, 0.6ರ ಗೆರೆಯಲ್ಲಿ ಮಕ್ಕಳನ್ನು ಸುಲಭವಾಗಿ ಅದಲುಬದಲು ಮಾಡುತ್ತದೆ ಎಂದು ಎಚ್ಚರಿಸಿದ್ದಾರೆ. ನಕಾಶೆಯ ಮಾತಿನಲ್ಲೇ ಹೇಳುವುದಾದರೆ, ಹೆಚ್ಚು ಓಡಾಡಿದ ಸೀಮೆಯ ಊರುಗಳನ್ನು ಅದು ಬಿಡಿಬಿಡಿಯಾಗಿ ಗುರುತಿಸಿದೆ, ಓಡಾಡದ ಸೀಮೆಯನ್ನು ಒಂದು ಮೂಲೆಯಲ್ಲಿ ಒತ್ತೊತ್ತಾಗಿ ತುರುಕಿದೆ. ಅಲ್ಲಿ ಬೇರೆ ಬೇರೆ ಮುಖಗಳ ನಡುವಿನ ದೂರವೂ 0.6ರ ಒಳಗೇ ಇರುತ್ತದೆ.

ಇದೇ ಮಾದರಿ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ಶೇ. 99.38 ಅಂಕ ಪಡೆದಿದೆ. ಆ ಪರೀಕ್ಷೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2007ರಲ್ಲಿ ಸಿದ್ಧಪಡಿಸಿದ ಎಲ್‌ಎಫ್‌ಡಬ್ಲ್ಯು. ಸುದ್ದಿಚಿತ್ರಗಳಿಂದ ಆಯ್ದ 13,233 ಮುಖಗಳು ಅದರಲ್ಲಿವೆ. 6,000 ಜೋಡಿ ತೋರಿಸಿ, ಒಬ್ಬರೇನಾ ಬೇರೆಯವರಾ ಎಂದು ಕೇಳುತ್ತಾರೆ. ಶೇ. 99.38 ಎಂದರೆ ಸುಮಾರು 37 ಜೋಡಿ ತಪ್ಪಿದವು. ಸುದ್ದಿಚಿತ್ರವಾದ್ದರಿಂದ ಅಲ್ಲಿರುವವರು ಹೆಚ್ಚಾಗಿ ರಾಜಕಾರಣಿಗಳು, ಆಟಗಾರರು, ನಟರು. ಮಕ್ಕಳು ತೀರಾ ಕಡಿಮೆ, ಹೆಂಗಸರೂ ಕಡಿಮೆ. ಪರೀಕ್ಷೆ ಮಾಡಿದವರೇ ಈ ಕೊರತೆಗಳನ್ನು ಹೇಳಿಕೊಂಡಿದ್ದಾರೆ. ಅಂಕ ಸುಳ್ಳಲ್ಲ, ಆದರೆ ಅದು ಆ ಆಲ್ಬಮ್ಮಿನ ಅಂಕ. ನಮ್ಮ ಮನೆಯ ಆಲ್ಬಮ್ಮಿಗೂ ಅದೇ ಅಂಕ ಎಂದುಕೊಳ್ಳಲು ಆಧಾರವಿಲ್ಲ. ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿದಾಗಲೂ ಕಂಡದ್ದು ಇದೇ ಬಗೆಯದು. ಗೆರೆ ಒಂದೇ ಇದ್ದರೂ ಬೇರೆಯವರನ್ನು ಒಬ್ಬರೇ ಎನ್ನುವ ತಪ್ಪು ಕೆಲವು ದೇಶಗಳವರ ಮುಖಗಳಲ್ಲಿ ಇತರರಿಗಿಂತ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಹೆಚ್ಚಿತ್ತು. ಪೂರ್ವ ಏಷ್ಯಾದವರ ಮುಖದಲ್ಲಿ ಅನೇಕ ತಂತ್ರಾಂಶಗಳು ಎಡವಿದರೂ ಚೀನಾದಲ್ಲಿ ತಯಾರಾದ ಕೆಲವು ಎಡವಲಿಲ್ಲ. ಯಾವ ಮುಖಗಳನ್ನು ನೋಡಿ ಕಲಿತವು ಎಂಬುದರ ಪಾತ್ರ ಇದರಲ್ಲಿ ದೊಡ್ಡದಿರಬೇಕು.

ಇಲ್ಲಿಯವರೆಗೆ ಎರಡು ಫೋಟೊಗಳ ಹೋಲಿಕೆಯ ಮಾತಾಯಿತು. ಫೋನ್ ತೆರೆಯುವಾಗ ನಡೆಯುವುದು ಅಷ್ಟೇ, ಎದುರಿನ ಮುಖವನ್ನು ಮಾಲೀಕರ ಪಟ್ಟಿಯೊಂದಿಗೆ ಒಂದು ಸಲ ತಾಳೆ ನೋಡುವುದು. ಪೊಲೀಸ್ ಹುಡುಕಾಟ ಬೇರೆ ಜಾತಿಯದು. ಅಲ್ಲಿ ಒಂದು ಮುಖವನ್ನು ಸಂಗ್ರಹದಲ್ಲಿರುವ ಎಲ್ಲ ಮುಖಗಳೊಂದಿಗೆ ಹೋಲಿಸಿ, ದೂರ ಕಡಿಮೆ ಇರುವವರನ್ನು ಮೇಲಕ್ಕೆ ತಂದು ತೋರಿಸುತ್ತಾರೆ. ಬೇರೆಯವರನ್ನು ಒಬ್ಬರೇ ಎನ್ನುವ ತಪ್ಪು ಸಾವಿರಕ್ಕೆ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಒಂದು ಹೋಲಿಕೆಗೆ ಅದು ಚೆನ್ನಾಗಿಯೇ ಇದೆ. ಐದು ಲಕ್ಷ ಫೋಟೊ ಇರುವ ಸಂಗ್ರಹದಲ್ಲಿ ಹುಡುಕಿದರೆ ಅದೇ ಲೆಕ್ಕದಲ್ಲಿ ಸುಮಾರು 500 ಮಂದಿ ನಿರಪರಾಧಿಗಳು ಗೆರೆಯ ಒಳಗೆ ಬರುತ್ತಾರೆ. ಇನ್ನೂ ಮುಖ್ಯವಾದ ಮಾತೊಂದಿದೆ. ನಿಜವಾದ ಕಳ್ಳನ ಫೋಟೊ ಸಂಗ್ರಹದಲ್ಲಿ ಇಲ್ಲದೇ ಹೋದರೂ ಪಟ್ಟಿಯ ತುದಿಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಏಕೆಂದರೆ ಇದ್ದವರಲ್ಲಿ ತುಂಬ ಹತ್ತಿರದವರು ಯಾರಾದರೂ ಇರಲೇಬೇಕು. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಅಂಗಡಿ ಕ್ಯಾಮೆರಾದ ಮಸುಕು ಚಿತ್ರವೊಂದಕ್ಕೆ ಹಳೆಯ ಚಾಲನಾ ಪರವಾನಗಿಯ ಫೋಟೊ ಹೊಂದಿತೆಂದು ಒಬ್ಬರನ್ನು ಮನೆಯೆದುರೇ ಬಂಧಿಸಿದರು. ಕಳ್ಳ ಅವರಾಗಿರಲಿಲ್ಲ. 2024ರ ರಾಜಿ ಒಪ್ಪಂದದಲ್ಲಿ, ಮುಖ ಹೊಂದಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ಬಂಧಿಸುವುದಿಲ್ಲ ಎಂದು ಆ ಪೊಲೀಸ್ ಇಲಾಖೆ ಒಪ್ಪಿಕೊಂಡಿತು.

ನಮ್ಮಲ್ಲೂ ಗೆರೆಯ ಪ್ರಶ್ನೆ ಎದ್ದಿದೆ. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ ದಿಲ್ಲಿ ಪೊಲೀಸರು 2022ರಲ್ಲಿ ಕೊಟ್ಟ ಉತ್ತರದ ಪ್ರಕಾರ, ಹೋಲಿಕೆ ಶೇ. 80ಕ್ಕಿಂತ ಹೆಚ್ಚಿದ್ದರೆ ಅವರು ಅದನ್ನು ಹೊಂದಿಕೆ ಎಂದು ಪರಿಗಣಿಸುತ್ತಾರೆ. ಶೇ. 80 ಎಂದು ಓದಿದ ಕೂಡಲೇ ಅವರೇ ಆಗಿರುವ ಸಾಧ್ಯತೆ ನೂರರಲ್ಲಿ ಎಂಬತ್ತು ಎಂದು ಮನಸ್ಸಿಗೆ ಬರುತ್ತದೆ. ಹಾಗೆ ಓದಲು ಬರುವುದಿಲ್ಲ. ಎಂಬೆಡಿಂಗ್ ಕೊಡುವುದು 0.41, 0.57ರಂಥ ದೂರವನ್ನು. ಅದನ್ನು ಶೇಕಡಾವಾರಿಗೆ ಬದಲಿಸುವ ಸೂತ್ರ ತಂತ್ರಾಂಶ ತಯಾರಿಸಿದವರ ಆಯ್ಕೆ. ಒಂದೇ ಜೋಡಿ ಮುಖ ಒಂದು ಕಂಪನಿಯ ಪರದೆಯ ಮೇಲೆ 80 ಎಂದೂ ಇನ್ನೊಂದರ ಮೇಲೆ 93 ಎಂದೂ ಕಾಣಬಹುದು, ಎರಡರಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಪಟ್ಟಿಗಳೂ ಹಾಗೆಯೇ. ಡಿಲಿಬ್ ಕೊಟ್ಟ 128 ಸಂಖ್ಯೆಯನ್ನು ಫೇಸ್‌ನೆಟ್ ಕೊಟ್ಟ 128 ಸಂಖ್ಯೆಯೊಂದಿಗೆ ಹೋಲಿಸಿದರೆ ಬರುವ ದೂರಕ್ಕೆ ಅರ್ಥವೇ ಇಲ್ಲ, ನಕಾಶೆಗಳೇ ಬೇರೆ.

ಸಂಖ್ಯೆಗಳಷ್ಟೇ ಉಳಿಸಿಕೊಂಡಿದ್ದೇವೆ, ಫೋಟೊ ಅಳಿಸಿದ್ದೇವೆ ಎಂದು ಕೆಲವು ಸಂಸ್ಥೆಗಳು ಭರವಸೆ ಕೊಡುವುದನ್ನೂ ಓದುಗರು ಕೇಳಿದ್ದಾರೆ. ಅರ್ಧ ಸಮಾಧಾನ ಪಡಬಹುದು. ಪಾಸ್‌ವರ್ಡನ್ನು ಗುರುತು ಸಿಗದಂತೆ ಕಲಸಿಟ್ಟರೆ ಒಂದೇ ಅಕ್ಷರ ಬದಲಾದರೂ ಪೂರ್ತಿ ಬೇರೆಯೇ ಫಲ ಬರುತ್ತದೆ. ಮುಖದ ಪಟ್ಟಿಗೆ ಆ ರಕ್ಷಣೆ ತಾನಾಗಿ ಬರುವುದಿಲ್ಲ, ಹತ್ತಿರದ ಮುಖಕ್ಕೆ ಹತ್ತಿರದ ಸಂಖ್ಯೆ ಬರುವುದೇ ಅದರ ಉದ್ದೇಶ. ಈ ಗುಣದಿಂದಾಗಿಯೇ ಬರೀ ಸಂಖ್ಯೆಗಳಿಂದ, ಮೂಲ ವ್ಯಕ್ತಿಯದೆಂದು ಯಂತ್ರ ಒಪ್ಪುವಂಥ ಮುಖಚಿತ್ರವನ್ನು ಮತ್ತೆ ಕಟ್ಟಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಆ ಪಟ್ಟಿಯನ್ನು ಫೋಟೊದಷ್ಟೇ ಜೋಪಾನವಾಗಿ ಕಾಯಬೇಕು.

ಹಾಗಾದರೆ ಒಂದು ಹೊಂದಿಕೆಯನ್ನು ನಂಬಬಹುದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಆಲ್ಬಮ್ ವಿಂಗಡಿಸುವಾಗ ನನಗೆ ಹೆಚ್ಚು ನೆರವಾದದ್ದು ಒಂದು ಸರಳ ಕ್ರಮ: ಮೊದಲ ಸ್ಥಾನದಲ್ಲಿ ಬಂದವರ ದೂರವನ್ನಷ್ಟೇ ನೋಡದೆ ಎರಡನೆಯ, ಮೂರನೆಯ ಸ್ಥಾನದಲ್ಲಿ ಬಂದ ಬೇರೆ ವ್ಯಕ್ತಿಗಳ ದೂರವನ್ನೂ ನೋಡುವುದು. ಮೊದಲನೆಯವರು 0.34, ಮುಂದಿನವರು 0.61 ಮತ್ತು 0.63 ಇದ್ದರೆ ಮೊದಲ ಮುಖ ಎದ್ದು ಕಾಣುತ್ತದೆ, ಬಹುಮಟ್ಟಿಗೆ ಸರಿ ಇರುತ್ತದೆ. ಮೂವರೂ 0.52, 0.53, 0.54 ಎಂದು ಸಾಲಾಗಿ ನಿಂತಿದ್ದರೆ ಎಲ್ಲರೂ ಗೆರೆಯ ಒಳಗಿದ್ದಾರೆ ನಿಜ, ಆದರೆ ಯಂತ್ರಕ್ಕೆ ಅವರಲ್ಲಿ ಯಾರೆಂದು ಗೊತ್ತಿಲ್ಲ. ನಮ್ಮ ಮಕ್ಕಳ ಗುಂಪಿನಲ್ಲಿ ಆದದ್ದು ಇದೇ, ಮಸುಕಾದ ಕ್ಯಾಮೆರಾ ಚಿತ್ರಗಳಲ್ಲೂ ಹೀಗಾಗಬಹುದು. ನ್ಯಾಯಾಲಯಕ್ಕೋ ಠಾಣೆಗೋ ಹೋಗುವ ವರದಿಯಲ್ಲಿ ಶೇಕಡಾ ಇಷ್ಟು ಎಂಬ ಒಂಟಿ ಸಂಖ್ಯೆ ಸಾಲದು ಎಂದು ನನ್ನ ಅನಿಸಿಕೆ. ಎಷ್ಟು ಮುಖಗಳ ನಡುವೆ ಹುಡುಕಿದರು, ಗೆರೆ ಎಲ್ಲಿತ್ತು, ಮೊದಲ ಹತ್ತು ಮಂದಿಯ ದೂರವೆಷ್ಟು ಎಂಬ ಸಾಲುಗಳನ್ನೂ ಬರೆದಿರಬೇಕು. ಯಂತ್ರ ಈ ಲೆಕ್ಕವನ್ನು ಹೇಗೂ ಮಾಡಿಟ್ಟಿರುತ್ತದೆ. ಅದನ್ನು ಅಚ್ಚು ಹಾಕಿಸಲು ಒಂದು ಹಾಳೆ ಹೆಚ್ಚಿಗೆ ಬೇಕಾದೀತು, ಅಷ್ಟೆ.